‘ಏಳು! ಏಳು!’ ಅಂತ ಕೂಗಿದ್ದು ಯಾರು?

(ಗೇಮ್ ಮಾಡುವುದನ್ನು ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಗೇಮ್‌ಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಜನ ಕೇಳಿದಾಗ ‘ಅನುವಾದ’ ಅಂತ ಹೇಳಿ ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ ದಿನದ ಅರ್ಧ ಹೊತ್ತು ಹೋಗುವುದು ಪರದೆಯ ಮೇಲಿನ ಡಬ್ಬಿಯೊಳಗೆ ಅಕ್ಷರ ಹಿಡಿಸುವುದರಲ್ಲಿ. ಹಳೇ ಸೂಟ್‌ಕೇಸ್ ಮೇಲೆ ಕೂತು ಜಿಪ್ ಎಳೆಯುವ ಹಾಗೆ.

ಇವತ್ತು ಒಂದೇ ಒಂದು ಸಾಲಿನ ಕಥೆ ಹೇಳುತ್ತೇನೆ. ಮಕ್ಕಳಿಗಾಗಿ ಮಾಡಿದ ಒಂದು ಒಗಟಿನ ಗೇಮ್. ಅದರಲ್ಲಿ ಅಂಕಿಗಳೇ ಪಾತ್ರಗಳು. ಒಂದು ಓಣಿ, ಸಾಲಾಗಿ ಮನೆ ಬಾಗಿಲುಗಳು, ಮೇಲೆ ಚಂದ್ರ. ಒಂಬತ್ತರ ಬಾಗಿಲನ್ನು ಯಾರೋ ಅರ್ಧ ಕಚ್ಚಿ ತಿಂದಿದ್ದಾರೆ. ಯಾರು ತಿಂದದ್ದು ಅಂತ ಆಡುವವರು ಕಂಡುಹಿಡಿಯಬೇಕು. ಸುಳಿವು ಕೊಡುವುದು ಆರನೇ ಮನೆಯವನು. ಇಂಗ್ಲಿಷಿನಲ್ಲಿ ಅವನು ಹೇಳುವುದು ಒಂದು ಹಳೇ ಜೋಕು. ಸಿಕ್ಸ್‌ಗೆ ಸೆವೆನ್ ಕಂಡರೆ ಯಾಕೆ ಭಯ? ಯಾಕಂದ್ರೆ ಸೆವೆನ್, ಏಟ್, ನೈನ್! ಎಂಟು ಅನ್ನುವುದಕ್ಕೂ ತಿಂದ ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಸದ್ದು. ಮಗು ನಗುತ್ತದೆ, ಏಳನೇ ಬಾಗಿಲು ಒತ್ತುತ್ತದೆ, ಕದ ತೆರೆಯುತ್ತದೆ.

ನನ್ನ ಕೈಗೆ ಬಂದದ್ದು ಈ ಓಣಿ ಅಲ್ಲ, ಚಂದ್ರ ಅಲ್ಲ, ಕಚ್ಚಿದ ಬಾಗಿಲೂ ಅಲ್ಲ. ಎಕ್ಸೆಲ್ ಶೀಟಿನ ಒಂದು ಸಾಲು. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಮನೆ, ಅದರ ಪಕ್ಕದಲ್ಲಿ ‘ಗರಿಷ್ಠ 60 ಅಕ್ಷರ’. ಅಷ್ಟೇ.

ಮೊದಲ ಸಲ ಶೀಟು ನೋಡಿಕೊಂಡೇ ಬರೆದೆ. ಕನ್ನಡದಲ್ಲಿ ಅಂಕಿಗಳ ಶ್ಲೇಷೆಗೆ ಬರ ಇಲ್ಲ. ಹತ್ತು ಅಂದರೆ ಹತ್ತೂ ಹೌದು, ಮೆಟ್ಟಿಲು ಹತ್ತುವುದೂ ಹೌದು. ಆರು ಅಂದರೆ ದೀಪ ಆರುವುದು. ಏಳು ಅಂದರೆ ಎದ್ದೇಳು. ಹಾಗಾಗಿ ಐದು ನಿಮಿಷದಲ್ಲಿ ಬಂತು: ‘ಆರಕ್ಕೆ ಯಾಕೆ ನಿದ್ದೆ ಇಲ್ಲ? ಪಕ್ಕದವನು ಸದಾ ಏಳು ಏಳು ಅಂತಾನೆ!’ ಓದಿ ನಾನೇ ನಕ್ಕೆ. ಆರೂ ಇದೆ, ಏಳೂ ಇದೆ, ಜೋಕೂ ಇದೆ. ಕಳಿಸಿದೆ.

ಎರಡು ವಾರ ಬಿಟ್ಟು ಗೇಮಿನ ಬಿಲ್ಡ್, ಅಂದರೆ ಆಡಿ ನೋಡುವ ಪ್ರತಿ, ಬಂತು. ಆಡಿದೆ. ಆರನೇ ಮನೆಯವನು ನನ್ನ ಜೋಕು ಹೇಳಿದ. ಪಕ್ಕದಲ್ಲಿ ಕಚ್ಚಿದ ಬಾಗಿಲು ಪಾಪ ಸುಮ್ನೆ ನಿಂತಿತ್ತು. ಒಂಬತ್ತರ ಹೆಸರೇ ಇಲ್ಲ, ತಿಂದದ್ದರ ಮಾತೇ ಇಲ್ಲ. ಜೋಕು ಚೆನ್ನಾಗಿತ್ತು, ಸುಳಿವು ಸತ್ತಿತ್ತು. ನನ್ನ ಅಕ್ಕನ ಮಗಳಿಗೆ ಕೊಟ್ಟೆ. ಅವಳು ನಕ್ಕಳು. ಆಮೇಲೆ ಒಂದೊಂದೇ ಬಾಗಿಲು ಒತ್ತುತ್ತಾ ಹೋದಳು.

ಗೇಮಿನ ಶ್ಲೇಷೆಯ ತೊಂದರೆ ಇದೇ. ಕಥೆಯಲ್ಲಿ ಒಂದು ಜೋಕು ಹೋದರೆ ಒಂದು ನಗು ಹೋಯಿತು, ಅಷ್ಟೇ. ಗೇಮಿನಲ್ಲಿ ಜೋಕು ಬೀಗದ ಕೈ ಆಗಿರಬಹುದು. ಆದ್ದರಿಂದ ಶ್ಲೇಷೆ ಕಂಡ ತಕ್ಷಣ ನಾನು ಈಗ ಕೇಳುವುದು ಒಂದೇ ಪ್ರಶ್ನೆ: ಇದು ನಗಿಸಲಿಕ್ಕೆ ಇದೆಯೋ, ಏನಾದರೂ ತೆರೆಯಲಿಕ್ಕೆ ಇದೆಯೋ? ಬರೀ ನಗಿಸಲಿಕ್ಕೆ ಇದ್ದರೆ ಬೇರೆ ಯಾವ ಜೋಕಾದರೂ ಆದೀತು. ತೆರೆಯಲಿಕ್ಕೆ ಇದ್ದರೆ ಚಿತ್ರದಲ್ಲಿ ಏನೇನಿದೆಯೋ ಅದಕ್ಕೆಲ್ಲ ಲೆಕ್ಕ ಒಪ್ಪಿಸಬೇಕು.

ಚಿತ್ರ ಬದಲಾಯಿಸಿ ಅಂತ ಕೇಳಿದೆ. ಆಗಲ್ಲ ಅಂದರು. ಅದು ಸರಿಯೇ. ಒಂದು ಭಾಷೆಗೆ ಒಂದು ಚಿತ್ರ ಅಂತ ಹೊರಟರೆ ಅವರ ಕೆಲಸ ಮುಗಿಯುವುದಿಲ್ಲ. ಹಾಗಾಗಿ ಕೈಯಲ್ಲಿ ಇದ್ದದ್ದು ಇಷ್ಟು: ಆರು ಮಾತಾಡಬೇಕು. ಒಂಬತ್ತನ್ನು ಕಚ್ಚಲಾಗಿದೆ. ಉತ್ತರ ಏಳು. ರಾತ್ರಿ. ಮೂರು ದಿನ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಬೆಳಗಿನ ಜಾವ ಅಮ್ಮ ‘ಏಳು, ಏಳು, ಹಾಲಿನವನು ಬಂದ’ ಅಂತ ಎಬ್ಬಿಸಿದಾಗ ಹೊಳೆಯಿತು. ಕೂಗಿದ್ದು ಏಳು ಅಲ್ಲ, ಒಂಬತ್ತು! ತನ್ನನ್ನು ತಿನ್ನುತ್ತಿರುವವನ ಹೆಸರು ಹೇಳಿ ಅದು ಕೂಗಿದೆ. ಆರು ಅದನ್ನು ‘ಎದ್ದೇಳು’ ಅಂತ ತಿಳಿದಿದ್ದಾನೆ.

ಸಾಲು ಹೀಗಾಯಿತು: ‘ರಾತ್ರಿ ಒಂಬತ್ತು “ಏಳು! ಏಳು!” ಅಂತ ಕೂಗ್ತು. ಎಬ್ಬಿಸ್ತಿದೆ ಅಂದ್ಕೊಂಡು ಮಗ್ಗುಲಾದೆ.’

ಜೋಕೂ ಉಳಿಯಿತು, ಸುಳಿವೂ ಉಳಿಯಿತು. ನನ್ನನ್ನು ಕೇಳಿದರೆ ಇಂಗ್ಲಿಷಿಗಿಂತ ಸ್ವಲ್ಪ ಚೆನ್ನಾಗಿಯೇ ಆಯಿತು. ಅಲ್ಲಿ ಆರು ಉತ್ತರವನ್ನೇ ಹೇಳಿಬಿಡುತ್ತಾನೆ. ಇಲ್ಲಿ ಮಗು ಒಂದು ಹೆಜ್ಜೆ ತಾನೇ ಇಡಬೇಕು.

ಇದೇ ಸಾಲು ಬೇರೆ ಭಾಷೆಗಳಲ್ಲಿ ಏನಾಯಿತು ಅಂತ ಕೇಳಿದರೆ ನಮ್ಮ ಭಾಷೆಗಳ ನೆಂಟಸ್ತಿಕೆ ಅರ್ಥವಾಗುತ್ತದೆ. ತೆಲುಗಿನಲ್ಲಿ ಏಳಕ್ಕೆ ‘ಏಡು’. ಅಳುವುದಕ್ಕೂ ಅದೇ ಮಾತು ಬರುತ್ತದೆ. ಹಾಗಾಗಿ ಅಲ್ಲಿ ಆರು ‘ಅಳು ಅಂತಿದೆ’ ಅಂದುಕೊಂಡು ಸುಮ್ನೆ ಅತ್ತುಬಿಡಬಹುದು. ತಮಿಳಿನಲ್ಲಿ ಏಳಕ್ಕೂ ಎದ್ದೇಳುವುದಕ್ಕೂ ವ್ಯತ್ಯಾಸ ಒಂದೇ ಸ್ವರ. ಅಂಕಿಗೆ ದೀರ್ಘ ‘ಏ’, ಎದ್ದೇಳುವುದಕ್ಕೆ ಹ್ರಸ್ವ ‘ಎ’. ಯಾರಾದರೂ ಕೂಗಿದರೆ ಹ್ರಸ್ವವೂ ದೀರ್ಘವಾಗುತ್ತದೆ ಅಲ್ವಾ, ಧ್ವನಿಯಲ್ಲಿ ಜೋಕು ನಡೆಯುತ್ತದೆ. ಬರಹದಲ್ಲಿ ಮಾತ್ರ ಅಕ್ಷರವೇ ಬೇರೆ, ಗುಟ್ಟು ರಟ್ಟಾಗುತ್ತದೆ. ಹಿಂದಿಯಲ್ಲಿ ‘ಸಾತ್’ ಮತ್ತು ‘ಸಾಥ್’ ಹತ್ತಿರ ಬರುತ್ತವೆ, ಆದರೆ ಹಿಂದಿಯವರ ಕಿವಿಗೆ ಅವೆರಡೂ ಬೇರೆಯೇ. ಅಲ್ಲಿ ಹೊಸ ಜೋಕನ್ನೇ ಹುಡುಕಬೇಕು. ‘ಭಾರತೀಯ ಭಾಷೆಗಳು’ ಅಂತ ಒಂದೇ ಕಂತೆ ಕಟ್ಟಿ, ಹಿಂದಿಯಲ್ಲಿ ಮಾಡಿದ್ದನ್ನೇ ಉಳಿದವರು ನೋಡಿಕೊಂಡು ಮಾಡಿ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ನಮ್ಮ ಏಳು ಏಳುವುದೇ ಇಲ್ಲ.

ಇನ್ನೊಂದು ಜಾತಿಯ ಆಟ ಇದೆ, ಅಕ್ಷರವನ್ನೇ ಆಡಿಸುವುದು. ಪೋಕೆಮಾನ್ ಆಡಿದವರಿಗೆ Ekans ಗೊತ್ತು. ಹಿಂದಿನಿಂದ ಓದಿದರೆ snake, ಹಾವು. ಕನ್ನಡದಲ್ಲಿ ಹೀಗೆ ಮಾಡಲು ಹೊರಟರೆ ಮೊದಲು ‘ಅಕ್ಷರ ಅಂದರೆ ಯಾವುದು’ ಅಂತ ತೀರ್ಮಾನ ಆಗಬೇಕು. ನಮ್ಮ ಕಣ್ಣಿಗೆ ‘ಹಾವು’ ಎರಡು ಅಕ್ಷರ. ತಿರುಗಿಸಿದರೆ ‘ವುಹಾ’. ಕಂಪ್ಯೂಟರಿಗೆ ಅದು ನಾಲ್ಕು: ಹ, ದೀರ್ಘದ ಗುರುತು, ವ, ಕೊಂಬು. ಅದು ತಿರುಗಿಸಿದರೆ ಮೊದಲು ಕೊಂಬು ಬರುತ್ತದೆ, ಕೂರಲು ವ್ಯಂಜನ ಇಲ್ಲದೆ ಚುಕ್ಕೆಗಳ ಒಂದು ವೃತ್ತ ಹಿಡಿದು ಜೋತಾಡುತ್ತದೆ. ‘ವಿಕಟಕವಿ’, ‘ಕುಬೇರನಿಗೇನಿರಬೇಕು’ ಅಂತ ಹಿಂದುಮುಂದು ಒಂದೇ ಆಗಿ ಓದುವ ಆಟ ನಮ್ಮ ಮಕ್ಕಳಿಗೆ ಗೊತ್ತೇ ಇದೆ. ಅದು ನಡೆಯುವುದು ಗುಣಿತಾಕ್ಷರವನ್ನು ಒಂದೇ ಅಂತ ಎಣಿಸಿದಾಗ ಮಾತ್ರ. ಪದಗಳ ಗೇಮನ್ನು ಕನ್ನಡಕ್ಕೆ ತರುವವರು ಪ್ರೋಗ್ರಾಮರಿಗೆ ಮೊದಲ ದಿನವೇ ಇದನ್ನು ಹೇಳದಿದ್ದರೆ, ಬಿಡುಗಡೆಯ ದಿನ ಪರದೆ ತುಂಬಾ ಚುಕ್ಕೆಯ ವೃತ್ತಗಳು.

ಇದೇ ಎಣಿಕೆಯ ಜಗಳ ನನ್ನ ಏಳರ ಸಾಲಿಗೂ ಬಂತು. ಮಿತಿ 60 ಅಲ್ವಾ. ಶೀಟಿನಲ್ಲಿ `=LEN(B2)` ಅಂತ ಹಾಕಿದ್ದರು. ನನ್ನ ಸಾಲಿಗೆ ಅದು 71 ಅಂದಿತು, ಮನೆ ಕೆಂಪಾಯಿತು. ನಾನು ಬೆರಳು ಮಡಚಿ ಎಣಿಸಿದರೆ ಬರೀ 24 ಅಕ್ಷರ. ಎರಡೂ ಸರಿ. LEN ಎಣಿಸುವುದು ಯೂನಿಕೋಡಿನ ಬಿಡಿ ತುಣುಕುಗಳನ್ನು. ಜೊತೆಗೆ ಖಾಲಿ ಜಾಗ, ವಿರಾಮದ ಗುರುತು ಎಲ್ಲವನ್ನೂ. ‘ಒಂಬತ್ತು’ ನಮಗೆ ಮೂರು, ಅದಕ್ಕೆ ಏಳು: ಒ, ಸೊನ್ನೆ, ಬ, ತ, ಅರ್ಧಾಕ್ಷರದ ಗುರುತು, ತ, ಕೊಂಬು. ‘ಸ್ತ್ರೀ’ ನಮಗೆ ಒಂದು, ಅದಕ್ಕೆ ಆರು. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಲೆಕ್ಕ ನಮಗೆ ಮೋಸ ಮಾಡುತ್ತದೆ.

ಇಂಗ್ಲಿಷಿಗೆ ಹಾಕಿದ ಮಿತಿಯನ್ನು ಹಾಗೇ ತಂದು ನಮಗೆ ಹಾಕಿದರೆ ಹೀಗಾಗುತ್ತದೆ. ಆದರೂ ಮೇಲಿನವರ ಹತ್ತಿರ ವಾದ ಮಾಡುವ ಮೊದಲು ಸಾಲನ್ನು ಸ್ವಲ್ಪ ಕತ್ತರಿಸಿ ನೋಡಿದೆ. ‘ರಾತ್ರಿ’ ತೆಗೆದೆ, ಚಿತ್ರದಲ್ಲಿ ಚಂದ್ರ ಇದ್ದಾನೆ ತಾನೆ. ಅದರಿಂದ ಏಳು ಉಳಿಯಿತು. 64. ‘ಅಂತ ಕೂಗ್ತು’ ತೆಗೆದು ‘ಅಂತು’ ಮಾಡಿದೆ. 58. ಮನೆ ಹಸಿರಾಯಿತು. ಆದರೆ ಮನಸ್ಸು ಒಪ್ಪಲಿಲ್ಲ. ತನ್ನನ್ನು ಯಾರೋ ತಿನ್ನುವಾಗ ಒಂಬತ್ತು ‘ಅಂತು’ ಅಂದರೆ ಹೇಗೆ? ಅದು ಕೂಗಲೇಬೇಕು.

ಆಗ ನಾನು ಮಾಡಿದ್ದು, ಸಾಲನ್ನು ಬಿಲ್ಡಿನಲ್ಲೇ ಹಾಕಿ ಫೋಟೋ ತೆಗೆದು ಕಳಿಸಿದ್ದು. ಸಣ್ಣ ಸ್ಕ್ರೀನಿನ ಅಗ್ಗದ ಫೋನಿನಲ್ಲಿ, ಬೇಕಂತಲೇ. ‘ಕೂಗ್ತು’ ಇಟ್ಟುಕೊಂಡ 64ರ ಸಾಲು ಎರಡು ಗೆರೆಯಲ್ಲಿ ಕೂತು ಬಲಗಡೆ ಇನ್ನೂ ಜಾಗ ಬಿಟ್ಟಿತ್ತು. ಒಪ್ಪಿಕೊಂಡರು. ಡಬ್ಬಿ ಇರುವುದು ಪಿಕ್ಸೆಲ್‌ನಲ್ಲಿ. ಅಕ್ಷರದ ಸಂಖ್ಯೆ ಅದರ ಒಂದು ಅಂದಾಜು ಮಾತ್ರ. ಆ ಅಂದಾಜನ್ನೂ ಇಂಗ್ಲಿಷ್ ಫಾಂಟ್ ನೋಡಿಯೇ ಮಾಡಿರುತ್ತಾರೆ.

ಎಲ್ಲ ಮಿತಿಯೂ ಹೀಗೆ ಬಗ್ಗುವುದಿಲ್ಲ. ಗೂಗಲ್ ಪ್ಲೇ ಸ್ಟೋರಿನಲ್ಲಿ ಗೇಮಿನ ಹೆಸರಿಗೆ 30, ಚಿಕ್ಕ ವಿವರಣೆಗೆ 80. ಅಲ್ಲಿ ಫೋಟೋ ತೋರಿಸಿ ಚೌಕಾಸಿ ಮಾಡಲು ಯಾರೂ ಇಲ್ಲ. ಅಲ್ಲಿ ಒತ್ತು ಕಡಿಮೆ ಇರುವ ಪದಗಳನ್ನೇ ಹೆಕ್ಕುತ್ತೇನೆ. ಅಚ್ಚಗನ್ನಡದ ಪದಗಳು ಇಲ್ಲಿ ಕೈ ಹಿಡಿಯುತ್ತವೆ. ಅಭಿಮಾನದಿಂದ ಹೇಳುತ್ತಿಲ್ಲ, ಬರೀ ಲೆಕ್ಕ. ‘ಮತ್ತೆ ಪ್ರಯತ್ನಿಸಿ’ 16, ‘ಮತ್ತೆ ಆಡಿ’ 9.

ಇಷ್ಟು ಹೊತ್ತು ಅಗಲದ ಮಾತಾಯಿತು. ನಮಗೆ ಇನ್ನೊಂದು ಸಂಕಟ ಇದೆ, ಎತ್ತರದ್ದು. ಇಂಗ್ಲಿಷ್ ಅಕ್ಷರಕ್ಕೆ ಗೆರೆಯ ಕೆಳಗೆ ಸ್ವಲ್ಪ ಜಾಗ ಸಾಕು. ನಮ್ಮ ಒತ್ತುಗಳು ಅದಕ್ಕಿಂತ ಕೆಳಗೆ ಇಳಿಯುತ್ತವೆ. ಇನ್ನೊಂದು ಗೇಮಿನಲ್ಲಿ ಆಯುಧಗಳ ಬಟನ್ನಿಗೆ ‘ಶಸ್ತ್ರಾಸ್ತ್ರ’ ಅಂತ ಬರೆದಿದ್ದೆ. ನೋಡಲು ಮೂರೇ ಅಕ್ಷರ, ಅಗಲಕ್ಕೆ ಆರಾಮಾಗಿ ಹಿಡಿಸಿತು. ಸ್ಕ್ರೀನಿನಲ್ಲಿ ಬಂದಾಗ ಬಟನ್ನಿನ ಅಂಚು ಒತ್ತುಗಳನ್ನೆಲ್ಲ ಕತ್ತರಿಸಿ ಹಾಕಿ, ಅದು ‘ಶಸಾಸ’ ಆಗಿತ್ತು. ಅರ್ಥ ಇಲ್ಲದ ಪದ, ಆದರೆ ನೋಡುವವರಿಗೆ ಏನೂ ಕಡಿದ ಹಾಗೆ ಕಾಣುವುದಿಲ್ಲ. ಕನ್ನಡ ಬರದ ಟೆಸ್ಟರ್ ಪಾಸ್ ಮಾಡಿದ್ದರಲ್ಲಿ ಅವರ ತಪ್ಪಿಲ್ಲ. ಬಲಗಡೆ ಕಡಿದರೆ ಯಾರಿಗಾದರೂ ಗೊತ್ತಾಗುತ್ತದೆ, ಕೆಳಗೆ ಕಡಿದರೆ ಓದಬಲ್ಲವರಿಗೆ ಮಾತ್ರ. ‘ಆಯುಧ’ ಅಂತ ಬದಲಾಯಿಸಿದೆ. ಒತ್ತೇ ಇಲ್ಲ, ಕಡಿಯಲು ಏನೂ ಇಲ್ಲ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಅನುವಾದ ಶುರು ಮಾಡುವ ಮೊದಲೇ ಎಲ್ಲ ಬಟನ್ನಿಗೂ ಒಂದೇ ಪದ ತುಂಬಿ ಒಂದು ಬಿಲ್ಡ್ ಕೊಡಿ ಅನ್ನುತ್ತೇನೆ. ಆ ಪದ ‘ಶಸ್ತ್ರಾಸ್ತ್ರ’ವೇ. ಗೇಮ್ ತುಂಬಾ ಶಸ್ತ್ರಾಸ್ತ್ರ ಮೆರೆಯುತ್ತದೆ, ನೋಡಲು ತಮಾಷೆ. ಎಲ್ಲೆಲ್ಲಿ ಅದು ‘ಶಸಾಸ’ ಆಗಿದೆಯೋ ಅಲ್ಲೆಲ್ಲ ಡಬ್ಬಿಯ ಎತ್ತರ ಸರಿಮಾಡಬೇಕು. ಇದೇ ಬಿಲ್ಡಿನಲ್ಲಿ ಇನ್ನೊಂದು ರೋಗವೂ ಸಿಗುತ್ತದೆ. ಒತ್ತು ಕೆಳಗೆ ಇಳಿಯದೆ, ಸಾಲಿನಲ್ಲೇ ಬಿಡಿಬಿಡಿಯಾಗಿ ನಿಂತಿದ್ದರೆ ಎಂಜಿನ್‌ಗೆ ಅಕ್ಷರ ಜೋಡಿಸಲು ಬರುವುದಿಲ್ಲ ಅಂತ ಅರ್ಥ. ಯೂನಿಟಿ ಎಂಜಿನ್ನಿನಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೋದಲ್ಲಿ ಈ ತೊಂದರೆ ತುಂಬಾ ಜನ ಅನುಭವಿಸಿದ್ದಾರೆ. ಗೊಡೋ 4 ಮತ್ತು ಅನ್‌ರಿಯಲ್ ಎಂಜಿನ್‌ಗಳಲ್ಲಿ ಅಕ್ಷರ ಜೋಡಿಸುವ ಲೈಬ್ರರಿಯಾದ ಹಾರ್ಫ್‌ಬಜ಼್ ಒಳಗೇ ಇರುವುದರಿಂದ ಜೋಡಣೆ ಸರಿಯಾಗಿ ಬರುತ್ತದೆ. ಅನುವಾದಕರು ಇದನ್ನು ಪದ ಬದಲಾಯಿಸಿ ಸರಿಮಾಡಲು ಹೋಗಬಾರದು, ಅದು ಪ್ರೋಗ್ರಾಮರಿನ ಕೆಲಸ.

ಏಳರ ಸಾಲಿನಲ್ಲಿ ಕೊನೆಗೂ ಒಂದು ಕಿರಿಕಿರಿ ಉಳಿದಿತ್ತು. ಆ ಗೇಮಿನಲ್ಲಿ ಮಾತು ಟೈಪ್‌ರೈಟರ್ ಥರ ಒಂದೊಂದೇ ಅಕ್ಷರವಾಗಿ ಮೂಡುತ್ತದೆ. ಅದೂ LEN ಲೆಕ್ಕದಲ್ಲೇ. ಹಾಗಾಗಿ ಒಂಬತ್ತು ಹೀಗೆ ಬರುತ್ತಿತ್ತು:

```
ಒ
ಒಂ
ಒಂಬ
ಒಂಬತ
ಒಂಬತ್
ಒಂಬತ್ತ
ಒಂಬತ್ತು
```

ನಾಲ್ಕನೇ ಗೆರೆಯಲ್ಲಿದ್ದ ‘ತ’ ಐದರಲ್ಲಿ ವೇಷ ಬದಲಿಸುತ್ತದೆ, ಆರರಲ್ಲಿ ಮತ್ತೆ ಬದಲಿಸುತ್ತದೆ. ಅಕ್ಷರಕ್ಕೆ ಬಿಕ್ಕಳಿಕೆ ಬಂದ ಹಾಗೆ ಪರದೆ ನಡುಗುತ್ತದೆ. ಒಂ, ಬ, ತ್ತು ಅಂತ ಮೂರು ಹೆಜ್ಜೆಯಲ್ಲಿ ತೋರಿಸಿ ಅಂತ ಬರೆದು ಕಳಿಸಿದೆ. ಒಂದೇ ಅಕ್ಷರ ಅಂತ ಎಣಿಸಬೇಕಾದ ತುಣುಕುಗಳ ಗುಂಪು, ಅಂದರೆ ಗ್ರಾಫೀಮ್ ಕ್ಲಸ್ಟರ್, ನೋಡಿ ಒಡೆಯುವ ಲೈಬ್ರರಿ ಹಾಕಿದರು, ಅರ್ಧ ದಿನದ ಕೆಲಸ. ಒಂದು ಎಚ್ಚರಿಕೆ: ಯೂನಿಕೋಡಿನ ಈ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿ ಆಗುತ್ತವೆ, ಒತ್ತಕ್ಷರವನ್ನು ಎಲ್ಲ ಲೈಬ್ರರಿಗಳೂ ಒಂದೇ ಥರ ಒಡೆಯುವುದಿಲ್ಲ. ‘ತ್’ ಮತ್ತು ‘ತು’ ಬೇರೆ ಬೇರೆ ಬರುತ್ತಿವೆಯಾ ಅಂತ ಕಣ್ಣಾರೆ ನೋಡಲೇಬೇಕು.

ಸಂಸ್ಕೃತಿಯ ಮಾತಿಗೆ ಬರುತ್ತೇನೆ. ಇದರಲ್ಲಿ ನನಗೆ ಅನ್ನಿಸಿದ್ದು ಸ್ವಲ್ಪ ಜಗಳಗಂಟಿ ಅಭಿಪ್ರಾಯ. ‘ಬೇಸ್‌ಬಾಲ್ ಬಂದರೆ ಕ್ರಿಕೆಟ್ ಮಾಡಿ, ಪಿಜ್ಜಾ ಬಂದರೆ ದೋಸೆ ಮಾಡಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನಾನು ಮೊದಲು ನೋಡುವುದು ಮಾತು ಯಾರದ್ದು ಅಂತ. ಅಮೆರಿಕದ ಊರಿನಲ್ಲಿ ನಡೆಯುವ ಕಥೆಯ ಪಾತ್ರ ಬೇಸ್‌ಬಾಲ್ ಆಡಿದರೆ ಆಡಲಿ ಬಿಡಿ. ಅವನ ಕೈಗೆ ಕ್ರಿಕೆಟ್ ಬ್ಯಾಟು ಕೊಟ್ಟರೆ ಅವನು ಎಲ್ಲಿಯವನೂ ಅಲ್ಲದ ಹಾಗಾಗುತ್ತಾನೆ. ಆದರೆ ಗೇಮ್ ತಾನೇ ಆಡುವವರ ಹತ್ತಿರ ನೇರ ಮಾತಾಡುವಾಗ, ಮೂರು ಸಲ ಸೋತದ್ದಕ್ಕೆ ‘ಮೂರನೇ ಸ್ಟ್ರೈಕ್!’ ಅಂದರೆ, ಅಲ್ಲಿ ಬೇಸ್‌ಬಾಲ್ ಬೇಕಾಗಿಲ್ಲ. ಕ್ರಿಕೆಟ್ಟೂ ಬೇಕಾಗಿಲ್ಲ, ಅಲ್ಲಿ ಮೂರು ಸಲ ತಪ್ಪಿದರೆ ಔಟ್ ಅನ್ನುವ ಲೆಕ್ಕವೇ ಇಲ್ಲ. ‘ಮೂರೂ ಹೋಯ್ತು!’ ಅಂದರೆ ಗೋಲಿ ಆಡಿದ ಯಾರಿಗಾದರೂ ಗೊತ್ತಾಗುತ್ತದೆ.

ಚಿತ್ರ ಇಲ್ಲೂ ಅಡ್ಡ ಬರುತ್ತದೆ. ಅದೇ ಅಂಕಿಗಳ ಗೇಮಿನಲ್ಲಿ ಒಂದು ಮಗು ಬಿದ್ದ ಹಾಲುಹಲ್ಲನ್ನು ದಿಂಬಿನ ಕೆಳಗೆ ಇಡುತ್ತದೆ, ಬೆಳಗ್ಗೆ ನಾಣ್ಯ ಸಿಗುತ್ತದೆ. ಹಲ್ಲಿನ ಕಿನ್ನರಿ ಬಂದು ಕೊಡುವುದು ಅನ್ನುವ ನಂಬಿಕೆ. ನಮ್ಮಲ್ಲಿ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುತ್ತಿದ್ದೆವು. ದಿಂಬೂ ನಾಣ್ಯವೂ ಚಿತ್ರದಲ್ಲಿ ಇರುವಾಗ ಮಾಡಿಗೆ ಎಸೆಯಲಿಕ್ಕಾಗುವುದಿಲ್ಲ. ಟಿಪ್ಪಣಿ ಹಾಕಲು ಜಾಗ ಇಲ್ಲ. ಹಾಗಾಗಿ ಮಗುವಿನ ಬಾಯಲ್ಲೇ ಹೇಳಿಸಿದೆ: ‘ಇಲ್ಲಿ ದಿಂಬಿನ ಕೆಳಗೆ ಇಡ್ತಾರಂತೆ. ದುಡ್ಡು ಬರುತ್ತಂತೆ!’ ಆ ‘ಅಂತೆ’ ಇದೆಯಲ್ಲ, ಅದು ಕನ್ನಡದ ದೊಡ್ಡ ಉಪಕಾರ. ಎರಡಕ್ಷರದಲ್ಲಿ ‘ಇದು ನಮ್ಮ ಪದ್ಧತಿ ಅಲ್ಲ, ಕೇಳಿದ್ದು’ ಅಂತ ಹೇಳಿ ಮುಗಿಸುತ್ತದೆ.

ಕೆಲವು ಸಲ ಇದು ತಿರುಗುಮುರುಗಾಗುತ್ತದೆ. 2017ರಲ್ಲಿ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹುಡುಕುವುದು ಗಣೇಶನ ದಂತ, ಹಿನ್ನೆಲೆ ಹೊಯ್ಸಳರದ್ದು. ಅಂಥ ಗೇಮನ್ನು ಯಾರಾದರೂ ಕನ್ನಡಕ್ಕೆ ತಂದರೆ ಕಷ್ಟ ಬೇರೆಯದೇ. ಗಣೇಶನ ದಂತ ಯಾಕೆ ಮುರಿಯಿತು ಅಂತ ಹೊರಗಿನವರಿಗೆ ವಿವರಿಸಬೇಕು. ಅದೇ ಸಾಲನ್ನು ಹಾಸನದ ಹುಡುಗನಿಗೆ ಹೇಳಿದರೆ ಅವನು ಆಕಳಿಸುತ್ತಾನೆ. ಅಲ್ಲಿ ವಿವರಣೆ ಕತ್ತರಿಸಿ, ಉಳಿದ ಜಾಗವನ್ನು ಪಾತ್ರಗಳ ಮಾತಿಗೆ ಕೊಡಬೇಕು. ಆದರೆ ಧ್ವನಿ ಇಂಗ್ಲಿಷಿನಲ್ಲೇ ಇದ್ದು ಕೆಳಗಿನ ಸಾಲು ಮಾತ್ರ ಕನ್ನಡವಾದರೆ? ಪಾತ್ರ ಹತ್ತು ಸೆಕೆಂಡು ಮಾತಾಡುತ್ತಾಳೆ, ಕೆಳಗೆ ಮೂರು ಪದ. ‘ಏನೋ ಬಿಟ್ಟಿದ್ದಾರೆ’ ಅಂತ ಆಡುವವರು ಬೈಯುತ್ತಾರೆ.

ಕೊನೆಯಲ್ಲಿ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ‘ಸರ್, ಇಷ್ಟೆಲ್ಲ ಯಾಕೆ? ಪ್ಲೇ, ಲೆವೆಲ್, ಸೆಟ್ಟಿಂಗ್ಸ್ ಅಂತ ಹಾಗೇ ಬರೆದರೆ ಎಲ್ಲರಿಗೂ ಗೊತ್ತಾಗಲ್ವಾ?’

ಲೆವೆಲ್, ಸೆಟ್ಟಿಂಗ್ಸ್ ಹಾಗೇ ಬರೆಯುತ್ತೇನಮ್ಮ, ನಾನೂ ಮನೆಯಲ್ಲಿ ಹಾಗೇ ಅನ್ನುವುದು. ‘ಪ್ಲೇ’ ಮಾತ್ರ ಬಿಡುವುದಿಲ್ಲ. ಮಕ್ಕಳ ಗೇಮಾದರೆ ‘ಆಡು’ ಅಂತ ಹಾಕುತ್ತೇನೆ. ಹಳ್ಳಿಯ ಹೊಲಮನೆ ತೋರಿಸುವ ಒಂದು ಗೇಮಿನಲ್ಲಿ ಹೀಗೆ ಹಾಕಿದ್ದಕ್ಕೆ ಬೇರೆ ದೇಶದ ಟೆಸ್ಟರ್ ಒಬ್ಬರು ನಿಘಂಟು ನೋಡಿ ಬಗ್ ಹಾಕಿದರು: ‘ಮೊದಲ ಬಟನ್ನಿನ ಮೇಲೆ ಮೇಕೆ ಅಂತ ಬರೆದಿದೆ.’ ಹೌದು, ಅದೂ ಹೌದು ಅಂತ ಉತ್ತರ ಬರೆದೆ. ಆ ಗೇಮಿನ ಇಂಗ್ಲಿಷಿನಲ್ಲಿದ್ದ ನಾಲ್ಕು ಶ್ಲೇಷೆಗಳನ್ನು ನಾನು ಕನ್ನಡದಲ್ಲಿ ಕಳೆದುಕೊಂಡಿದ್ದೆ. ಇದೊಂದು ಕೇಳದೇ ಸಿಕ್ಕಿತ್ತು. ಹಾಗಾಗಿ ಜೊತೆಗೆ ಒಂದು ಸಾಲು ಸೇರಿಸಿದೆ: ಮೊದಲ ಪರದೆಯ ಮೂಲೆಯಲ್ಲಿ ಬೇಲಿ ಮೇಯುತ್ತಾ ಒಂದು ಮೇಕೆ ನಿಂತಿದೆಯಲ್ಲ, ಕನ್ನಡದ ಬಿಲ್ಡಿನಲ್ಲಿ ಮಾತ್ರ ಅದನ್ನು ಬಟನ್ನಿನ ಪಕ್ಕಕ್ಕೆ ಸರಿಸಲು ಆಗುತ್ತದಾ?